ನಲಿಕಲಿ ಮಕ್ಕಳಿಗೂ ಅವರ ಮನೆಯವರಿಗೂ ಸವಿತಾ ಅಕ್ಕೋರ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೊಸಕೊಪ್ಪ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ
27-11-2025

ಒಂದರಿಂದ ಮೂರನೇ ತರಗತಿವರೆಗಿನ ಎಲ್ಲ ಮಕ್ಕಳ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆ ಸವಿತಾ ಅಕ್ಕೋರ ನಮಸ್ಕಾರಗಳು.

ವಿಷಯ ಆಗಲೇ ಹಾಲಿನ ಡೇರಿ ಮುಂದೆ, ಸೊಸೈಟಿ ಕಟ್ಟೆಯ ಮೇಲೆ ಮಾತಾಗಿದೆ ಎಂದು ಕೇಳಿದೆ. ಆದರೂ ನನ್ನಿಂದಲೇ ನಿಮಗೆ ಸರಿಯಾಗಿ ತಿಳಿಯಬೇಕು. ನನಗೆ ಹಾನಗಲ್ ತಾಲ್ಲೂಕಿಗೆ ವರ್ಗಾವಣೆ ಆಗಿದೆ. ನಾಡಿದ್ದು ಶನಿವಾರ, 29ನೇ ತಾರೀಖು, ಈ ಶಾಲೆಯಲ್ಲಿ ನನ್ನ ಕೊನೆಯ ದಿನ. ಸೋಮವಾರ ಡಿಸೆಂಬರ್ 1ರಿಂದ ನಲಿಕಲಿ ಕೋಣೆಗೆ ಪ್ರಕಾಶ ಮಾಸ್ತರು ಬರುತ್ತಾರೆ. ನಡುವೆ ಒಂದು ದಿನವೂ ಮಕ್ಕಳು ಮಾಸ್ತರಿಲ್ಲದೆ ಕೂರುವುದಿಲ್ಲ.

ಇದು ನಾನೇ ಕೇಳಿ ಪಡೆದ ವರ್ಗಾವಣೆ. ನನ್ನ ಅತ್ತೆಗೆ ಲಕ್ವ ಹೊಡೆದು ಮಲಗಿದ್ದಾರೆ. ನಮ್ಮವರು ಕೆಲಸ ಮಾಡುವುದೂ ಅಲ್ಲೇ. ಮನೆಯಲ್ಲಿ ಇನ್ನೊಬ್ಬರ ಕೈ ಬೇಕಾಗಿದೆ. ಪತಿ-ಪತ್ನಿ ಪ್ರಕರಣದಲ್ಲಿ ಅರ್ಜಿ ಹಾಕಿದ್ದೆ, ಕೌನ್ಸೆಲಿಂಗ್‌ನಲ್ಲಿ ಜಾಗ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಆಗಿದ್ದರೆ ಎಲ್ಲರಿಗೂ ಚೆನ್ನಾಗಿತ್ತು. ಆದರೆ ಆದೇಶ ಬಂದಾಗಲೇ ಹೋಗಬೇಕು, ಅದು ನಮ್ಮ ಕೈಯಲ್ಲಿ ಇಲ್ಲ.

ಇನ್ನೊಂದು ಮಾತು ಹಬ್ಬಿದೆ. "ಅಕ್ಕೋರು ಹೋಗ್ತಾರೆ ಅಂದ್ರೆ ಶಾಲೆ ಮುಚ್ಚೋ ಲಕ್ಷಣ" ಎಂದು. ಅಂಥದ್ದು ಏನೂ ಇಲ್ಲ. ನನ್ನ ಹುದ್ದೆ ಖಾಲಿ ಬಿಡುತ್ತಿಲ್ಲ, ಅದಕ್ಕೇ ಮಾಸ್ತರು ಬರುತ್ತಿದ್ದಾರೆ. ಅತಿಥಿ ಶಿಕ್ಷಕರಲ್ಲ, ಕಾಯಂ ಶಿಕ್ಷಕರು. ಇಬ್ಬರು ಪಾಲಕರು ಟಿಸಿ ಕೇಳುವ ಯೋಚನೆಯಲ್ಲಿದ್ದಾರಂತೆ. ದಯವಿಟ್ಟು ಈಗ ಬೇಡ. ಅಕ್ಕೋರು ಬದಲಾದರೆ ಮಗುವಿಗೆ ಒಂದೇ ಬದಲಾವಣೆ. ಶಾಲೆಯನ್ನೂ ಬದಲಿಸಿದರೆ ಗೆಳೆಯರು, ಕೋಣೆ, ಊಟ, ವ್ಯಾನು, ಎಲ್ಲವೂ ಒಟ್ಟಿಗೇ ಹೊಸತು. ಆರೇಳು ವರ್ಷದ ಮಗುವಿಗೆ ಅದು ಬಹಳ ಜಾಸ್ತಿಯಾಗುತ್ತದೆ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. ನಡುವರ್ಷದಲ್ಲಿ ಕಲಿಸುವವರು ಬದಲಾದರೆ ಓದು ಹಿಂದೆ ಬೀಳುವುದಿಲ್ಲವೇ?

ನಲಿಕಲಿಯಲ್ಲಿ ಹಾಗೆ ಆಗದಂತೆ ಒಂದು ದಾರಿ ಮೊದಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಮ್ಮಂಥ ಸರ್ಕಾರಿ ಶಾಲೆಗಳ ಶಿಕ್ಷಕರು ಇದನ್ನು ಶುರು ಮಾಡಿದರು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡರು. ಮಕ್ಕಳು ನಾಲ್ಕು ದಿನ ಶಾಲೆ ತಪ್ಪಿಸಿ ಬಂದರೆ ಪಾಠ ಮುಂದೆ ಹೋಗಿರುತ್ತಿತ್ತು. ಮಗು ಹಿಂದೆ ಉಳಿಯುತ್ತಿತ್ತು. ಆಮೇಲೆ ಶಾಲೆಯನ್ನೇ ಬಿಡುತ್ತಿತ್ತು. ಅದನ್ನು ತಪ್ಪಿಸಲು ಕಲಿಕಾ ಏಣಿ ಬಂತು. ನಮ್ಮ ಕೋಣೆಯ ಗೋಡೆಯ ಮೇಲೆ ನೀವೂ ನೋಡಿದ್ದೀರಿ. ಪ್ರತಿ ಮಗುವೂ ತನ್ನದೇ ಮೆಟ್ಟಿಲಿನಲ್ಲಿ ಇರುತ್ತದೆ. ತಾನು ನಿಂತಲ್ಲಿಂದಲೇ ಮುಂದಿನ ಮೆಟ್ಟಿಲು ಹತ್ತುತ್ತದೆ. ಹೊಸ ಮಾಸ್ತರು ಸೋಮವಾರ ಬಂದು "ಎಲ್ಲರೂ ಮೊದಲಿನಿಂದ ಶುರು ಮಾಡಿ" ಎನ್ನುವುದಿಲ್ಲ. "ಎಲ್ಲರೂ ಐದನೇ ಪಾಠ ತೆಗೆಯಿರಿ" ಎಂದೂ ಅನ್ನುವುದಿಲ್ಲ. ಯಾವ ಮಗು ಎಲ್ಲಿದೆ ಎಂದು ಪ್ರಗತಿ ನೋಟ ನೋಡಿ ಅಲ್ಲಿಂದ ಮುಂದುವರಿಸುತ್ತಾರೆ.

ಜೂನ್‌ನಲ್ಲಿ ಒಂದನೇ ತರಗತಿಯ ಅಜ್ಜಿಯೊಬ್ಬರು ಕೇಳಿದ್ದರು: "ಅ ಆ ಇ ಈ ಕಲಿಸೋದು ಬಿಟ್ಟು ರ ಗ ಸ ದ ಅ ಅಂತ ಯಾಕೆ ಕಲಿಸ್ತೀರಿ?" ಬಹಳ ಒಳ್ಳೆಯ ಪ್ರಶ್ನೆ. ಆ ಐದೇ ಅಕ್ಷರದಲ್ಲಿ ರಸ, ಸರ, ದರ, ಅಗಸ, ಅರಸ, ಗರಗಸ ಎಂದು ಓದಬಹುದು. ವರ್ಣಮಾಲೆ ಮುಗಿಯುವವರೆಗೆ ಮಗು ಕಾಯಬೇಕಿಲ್ಲ. ಬರೆಯಲೂ ಸುಲಭದ ಅಕ್ಷರಗಳು. ಈಗ ಅದೇ ಮೊಮ್ಮಗಳು ಕಿರಾಣಿ ಅಂಗಡಿಯ ಬೋರ್ಡು ಓದುತ್ತಾಳೆ. ಪ್ರಕಾಶ ಮಾಸ್ತರೂ ಇದೇ ಕ್ರಮದಲ್ಲಿ ಕಲಿಸುವವರು. ಅವರು ಹಲವು ವರ್ಷ ನಲಿಕಲಿ ತರಗತಿಯನ್ನೇ ನೋಡಿಕೊಂಡವರು. ಹಾಗಾಗಿ ಮಕ್ಕಳಿಗೆ ಮುಖ ಹೊಸತು, ಕೆಲಸ ಹಳೆಯದೇ.

ಕಳೆದ ಶನಿವಾರ ಮಾಸ್ತರು ರಜೆ ಹಾಕಿ ಬಂದು ಇಡೀ ಬೆಳಗಿನ ಶಾಲೆ ನಮ್ಮ ಜೊತೆ ಕೂತರು. ಕುರ್ಚಿಯಲ್ಲಿ ಅಲ್ಲ, ಮಕ್ಕಳ ಗುಂಪಿನಲ್ಲಿ ಚಾಪೆಯ ಮೇಲೆ. ಸ್ವಕಲಿಕೆ ಗುಂಪಿನ ಮಂಜುನಾಥ ಅವರಿಗೇ ಲೆಕ್ಕ ಹೇಳಿಕೊಟ್ಟ. ಅವರೂ ತಾಳ್ಮೆಯಿಂದ ಹೇಳಿಸಿಕೊಂಡರು. ಅವತ್ತೇ ನನ್ನ ಮನಸ್ಸು ಹಗುರವಾಯಿತು. ಅವರು ಬೈಲಹೊಂಗಲ ಕಡೆಯವರು. ಮಾತು ನಮ್ಮ ಕಡೆಯ ಹಾಗಿಲ್ಲ. "ಬರ್ರಿ, ಕುಂದರ್ರಿ" ಎಂದಾಗ ಮಕ್ಕಳು ನಕ್ಕರು, ಅವರೂ ನಕ್ಕರು. ಒಂದು ವಾರದಲ್ಲಿ ನಿಮ್ಮ ಮನೆಯಲ್ಲೂ ಆ ಮಾತು ಕೇಳಿಸಬಹುದು. ಕೇಳಿಸಿದರೆ ಮಕ್ಕಳು ಹೊಂದಿಕೊಂಡರು ಎಂದೇ ತಿಳಿಯಿರಿ.

ಅರ್ಧ ವರ್ಷದ ಮೌಲ್ಯಮಾಪನ ಮುಗಿದಿದೆ. ದಾಖಲೆ ಎಲ್ಲ ಭರ್ತಿಯಾಗಿದೆ. ಆದರೆ ಮಗು ಎಂದರೆ ಗ್ರೇಡು ಮಾತ್ರ ಅಲ್ಲ ಅಲ್ವಾ? ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಪುಟದಂತೆ ಒಂದು ನೋಟ್‌ಬುಕ್ ಬರೆದು ಮಾಸ್ತರ ಕೈಗೆ ಕೊಟ್ಟಿದ್ದೇನೆ. ಯಾರಿಗೆ ಬೋರ್ಡು ದೂರದಿಂದ ಕಾಣುವುದಿಲ್ಲ, ಯಾರನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಿದರೆ ಮಾತು ನಿಂತುಹೋಗುತ್ತದೆ, ಯಾರ ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಯಾರು ಮೊಟ್ಟೆ ತಿನ್ನುವುದಿಲ್ಲ ಬಾಳೆಹಣ್ಣು ಕೊಡಬೇಕು, ಯಾರು ಹೊಟ್ಟೆನೋವು ಎಂದರೆ ನಿಜವಾಗಿಯೂ ಹೊಟ್ಟೆನೋವೇ, ಯಾರು ಹಾಗಂದರೆ ಅಮ್ಮನ ನೆನಪಾಗಿದೆ ಎಂದು ಅರ್ಥ. ಎಲ್ಲ ಅದರಲ್ಲಿದೆ. ಓದಿನಲ್ಲಿ ಸ್ವಲ್ಪ ಜಾಸ್ತಿ ಆಸರೆ ಬೇಕಾದ ಮಕ್ಕಳ ಹೆಸರು ಇಲ್ಲಿ ಬರೆಯುವುದು ಸರಿಯಲ್ಲ. ಆ ಮನೆಯವರ ಜೊತೆ ಈಗಾಗಲೇ ಮಾತಾಡಿದ್ದೇನೆ. ಮಾಸ್ತರಿಗೂ ಹೇಳಿದ್ದೇನೆ.

ಹೆಡ್‌ಮಾಸ್ತರು ಇಲ್ಲೇ ಇದ್ದಾರೆ. ಬಿಸಿಯೂಟದ ಅಮ್ಮಂದಿರು ಇಲ್ಲೇ ಇದ್ದಾರೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಊಟ, ಗುಂಪು, ಗೆಳೆಯರು ಯಾವುದೂ ಬದಲಾಗುವುದಿಲ್ಲ. ಮಕ್ಕಳು ಮಾಡಿದ ಚಿತ್ರ, ಕಾಗದದ ಹೂವು ಎಲ್ಲ ಕಲಿಕಾ ಚಪ್ಪರದಲ್ಲಿ ಹಾಗೇ ಇರುತ್ತವೆ. ನೆನಪಿಗೆ ಒಂದಾದರೂ ತೆಗೆದುಕೊಂಡು ಹೋಗಿ ಎಂದು ಹಲವರು ಹೇಳಿದರು. ಬೇಡ ಎಂದೆ. ಸೋಮವಾರ ಬಂದಾಗ ಮಕ್ಕಳಿಗೆ ತಮ್ಮ ಕೋಣೆ ತಮ್ಮದಾಗಿಯೇ ಕಾಣಬೇಕು.

ನಿಮ್ಮಿಂದ ಕೆಲವು ಸಹಾಯ ಕೇಳುತ್ತೇನೆ.

ಸೋಮವಾರ ಮಕ್ಕಳನ್ನು ತಪ್ಪದೆ ಕಳಿಸಿ. ಈಗ ಕೊನೆಕೊಯ್ಲಿನ ಸಮಯ ಎಂದು ಗೊತ್ತು. ರಾತ್ರಿ ಅಡಿಕೆ ಸುಲಿಯುವಾಗ ಮಕ್ಕಳೂ ಎಚ್ಚರ ಇರುತ್ತಾರೆ, ಬೆಳಿಗ್ಗೆ ಏಳುವುದಿಲ್ಲ. ಈ ಡಿಸೆಂಬರ್ ಒಂದು ತಿಂಗಳು ಅವರನ್ನು ಸ್ವಲ್ಪ ಬೇಗ ಮಲಗಿಸಿ. ದಿನವೂ ಮುಖ ನೋಡಿದರೆ ಮಾತ್ರ ಮಾಸ್ತರಿಗೂ ಮಕ್ಕಳಿಗೂ ಬೇಗ ಬಳಕೆಯಾಗುತ್ತದೆ.

ಮಗು ಅತ್ತರೆ ಅಳಲಿ. "ಸುಮ್ನಿರು, ಅಷ್ಟಕ್ಕೆಲ್ಲ ಅಳ್ತಾರಾ" ಎನ್ನಬೇಡಿ. ಕೆಲವರು ಅಳುವುದಿಲ್ಲ, ಊಟ ಬಿಡುತ್ತಾರೆ. ಇಲ್ಲವೇ ಸಣ್ಣದಕ್ಕೆಲ್ಲ ಹಟ ಮಾಡುತ್ತಾರೆ. ಒಂದೆರಡು ವಾರ ಹಾಗಿದ್ದರೆ ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ದಿನ ಮುಂದುವರಿದರೆ ಮಾಸ್ತರಿಗೆ ತಿಳಿಸಿ.

ಮಕ್ಕಳ ಎದುರು "ಅಕ್ಕೋರು ಇದ್ದಿದ್ದರೆ ಹೀಗಾಗ್ತಿರಲಿಲ್ಲ" ಎಂದು ದಯವಿಟ್ಟು ಹೇಳಬೇಡಿ. ನನ್ನ ಮೇಲಿನ ಪ್ರೀತಿಯಿಂದ ಹೇಳಿದರೂ ಅದು ಮಗುವಿಗೆ ಭಾರ. ಹೊಸಬರನ್ನು ಇಷ್ಟಪಟ್ಟರೆ ಹಳಬರಿಗೆ ಮೋಸ ಮಾಡಿದಂತೆ ಎಂದು ಅದಕ್ಕೆ ಅನಿಸುತ್ತದೆ. ನನ್ನ ಮಕ್ಕಳು ಮಾಸ್ತರನ್ನು ಮನಸ್ಸಿಟ್ಟು ಪ್ರೀತಿಸಲಿ. ನನಗೆ ಬೇಕಾಗಿರುವುದೂ ಅದೇ.

ನನ್ನ ಫೋನ್ ನಂಬರ್ ಬದಲಾಗುವುದಿಲ್ಲ. ಮಕ್ಕಳು ಮಾತಾಡಬೇಕು ಎಂದರೆ ಭಾನುವಾರ ಸಂಜೆ ಮಾಡಿ. ಆದರೆ ಓದಿನ ವಿಷಯ ಏನೇ ಇರಲಿ, ಮೊದಲು ಪ್ರಕಾಶ ಮಾಸ್ತರನ್ನೇ ಕೇಳಿ.

ಕೆಳಗಿನದು ಮಕ್ಕಳಿಗೆ. ಮೂರನೇ ತರಗತಿಯವರು ತಾವೇ ಓದುತ್ತಾರೆ. ಚಿಕ್ಕವರಿಗೆ ನೀವು ಓದಿ ಹೇಳಿ.

ನನ್ನ ಮುದ್ದು ಮಕ್ಕಳೇ,

ನಾನು ಬೇರೆ ಊರಿನ ಶಾಲೆಗೆ ಹೋಗುತ್ತಿದ್ದೇನೆ. ನಮ್ಮ ಮನೆಯ ಅಜ್ಜಿಗೆ ಹುಷಾರಿಲ್ಲ. ಅವರಿಗೆ ಎದ್ದು ನಡೆಯಲು ಆಗುವುದಿಲ್ಲ. ಊಟ ಮಾಡಿಸಬೇಕು, ಔಷಧಿ ಕೊಡಬೇಕು. ಅದಕ್ಕೆ ಹೋಗುತ್ತಿದ್ದೇನೆ.

ನಿನ್ನೆ ಒಬ್ಬರು ನನ್ನ ಸೆರಗು ಹಿಡಿದು ಕೇಳಿದರು: "ನಾವು ಗಲಾಟೆ ಮಾಡ್ತೀವಿ ಅಂತ ಹೋಗ್ತೀರಾ ಅಕ್ಕೋರೇ?" ಇಲ್ಲ. ಖಂಡಿತ ಇಲ್ಲ. ನಿಮ್ಮ ಗಲಾಟೆ ನನಗೆ ಇಷ್ಟ. ನೀವು ಯಾರೂ ಏನೂ ತಪ್ಪು ಮಾಡಿಲ್ಲ. ನನಗೆ ನಿಮ್ಮ ಮೇಲೆ ಚೂರೂ ಸಿಟ್ಟಿಲ್ಲ.

ಪ್ರಕಾಶ ಮಾಸ್ತರು ಒಳ್ಳೆಯವರು. ಅವರಿಗೆ ನಮ್ಮ ಕೋಣೆ ಹೊಸತು. ಮಣಿಗಳ ಡಬ್ಬಿ ಎಲ್ಲಿದೆ ಎಂದು ಆಯಿಷಾ ತೋರಿಸಲಿ. ತೊಂಡೆ ಚಪ್ಪರಕ್ಕೆ ಯಾವಾಗ ನೀರು ಹಾಕಬೇಕು ಎಂದು ಗಣಪತಿ ಹೇಳಲಿ. ಬೆಳಗಿನ ಹಾಡನ್ನು ದೀಕ್ಷಾ ಶುರು ಮಾಡಲಿ, ಎಲ್ಲರೂ ಜೋರಾಗಿ ಹಾಡಿ. ಒಂದನೇ ತರಗತಿಯವರ ಕೈ ಹಿಡಿದು ಕರೆದುಕೊಂಡು ಬರುವ ಕೆಲಸ ಮೂರನೇ ತರಗತಿಯವರದು.

ನನ್ನ ನೆನಪಾದರೆ ನನಗೊಂದು ಪತ್ರ ಬರೆಯಿರಿ. ಚಿತ್ರ ಬರೆದರೂ ಆಗುತ್ತದೆ. ಹೆಡ್‌ಮಾಸ್ತರ ಹತ್ತಿರ ನನ್ನ ಹೊಸ ಶಾಲೆಯ ವಿಳಾಸ ಇದೆ. ಎಲ್ಲರಿಗೂ ಉತ್ತರ ಬರೆಯುತ್ತೇನೆ. ನಿಮ್ಮ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಊರು ಬದಲಾದರೂ ಅದು ಹಾಗೇ ಇರುತ್ತದೆ.

ಮತ್ತೆ ದೊಡ್ಡವರಿಗೆ: ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ ನಾನೂ ಮಾಸ್ತರೂ ಕೋಣೆಯಲ್ಲಿ ಒಟ್ಟಿಗೆ ಇರುತ್ತೇವೆ. ಬರಲಾಗುವವರು ಬನ್ನಿ, ನಿಮ್ಮ ಮಗುವಿನ ಬಗ್ಗೆ ಹೇಳುವುದಿದ್ದರೆ ಅವರಿಗೆ ನೇರವಾಗಿ ಹೇಳಿ. ಎಸ್‌ಡಿಎಂಸಿಯವರು ಸನ್ಮಾನಕ್ಕೆ ಹಣ ಎತ್ತುವ ಮಾತಾಡುತ್ತಿದ್ದರು. ಶಾಲು, ಹಾರ ಏನೂ ಬೇಡ. ಏನಾದರೂ ಮಾಡಲೇಬೇಕು ಎನಿಸಿದರೆ ಕೋಣೆಯ ಹಿಂದಿನ ಕಿಟಕಿಗೆ ಮಳೆಗಾಲದ ಒಳಗೆ ಒಂದು ತಗಡು ಹೊಡೆಸಿ. ಅಲ್ಲಿ ಎರಚಲು ಹೊಡೆದು ಮಕ್ಕಳ ಪುಸ್ತಕ ಒದ್ದೆಯಾಗುತ್ತದೆ.

ನಿಮ್ಮ ಮನೆಯ ಮಕ್ಕಳನ್ನು ನನ್ನ ಕೈಗೆ ನಂಬಿ ಕೊಟ್ಟಿರಿ. ಆ ಋಣ ನನ್ನ ಮೇಲಿದೆ.

ಇಂತಿ ನಿಮ್ಮ,
ಸವಿತಾ
ನಲಿಕಲಿ ಶಿಕ್ಷಕಿ