ಮೂರನೇ ತರಗತಿಯ ಸುಹಾಸನ ಇನ್ಹೇಲರ್ ಕುರಿತು ತರಗತಿ ಶಿಕ್ಷಕಿಗೆ ಪತ್ರ

ಮೈಸೂರು
2 ಜೂನ್ 2025

ಗೆ,
ಸವಿತಾ ಮೇಡಂ ಅವರಿಗೆ,
ತರಗತಿ ಶಿಕ್ಷಕಿ, 3ನೇ ತರಗತಿ, ಬಿ ವಿಭಾಗ

ವಿಷಯ: ಸುಹಾಸ್ ಎಂ. – ಆಸ್ತಮಾ, ಶಾಲೆಯಲ್ಲಿ ಇನ್ಹೇಲರ್ ಬಳಕೆ ಮತ್ತು ತುರ್ತು ಕ್ರಮ

ಮೇಡಂ, ನಮಸ್ಕಾರ.

ನಮ್ಮ ಮಗ ಸುಹಾಸ್ ಈ ವರ್ಷ ನಿಮ್ಮ ತರಗತಿಯಲ್ಲಿದ್ದಾನೆ. ಎಂಟು ವರ್ಷ, 24 ಕೆಜಿ. ಅವನಿಗೆ ಆಸ್ತಮಾ ಇದೆ. ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುವ ತಡೆಗಟ್ಟುವ ಇನ್ಹೇಲರ್ ಮನೆಯಲ್ಲೇ ಇರುತ್ತದೆ, ಅದರ ಚಿಂತೆ ನಿಮಗೆ ಬೇಡ. ಶಾಲೆಗೆ ಕೊಡುತ್ತಿರುವುದು ನೀಲಿ ಇನ್ಹೇಲರ್, ಅಂದರೆ ಸಾಲ್ಬುಟಮಾಲ್, ಒಂದು ಪಫ್‌ಗೆ 100 ಮೈಕ್ರೋಗ್ರಾಂ. ಬಿಗಿದುಕೊಂಡ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಗೊಳಿಸುವ ಔಷಧ ಇದು. ಮಕ್ಕಳ ವೈದ್ಯರು ಸಹಿ ಮಾಡಿ ಕೊಟ್ಟಿರುವ ಕ್ರಮದ ಪ್ರತಿಯನ್ನು ಇದರ ಜೊತೆ ಲಗತ್ತಿಸಿದ್ದೇವೆ. ಈ ಪತ್ರ ಅದನ್ನೇ ಬಿಡಿಸಿ ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇವೆ. ಉಸಿರಿಗೆ ತೊಂದರೆಯಾದಾಗ ಮೊದಲು ಇನ್ಹೇಲರ್ ಕೊಡಿ, ಆಮೇಲೆ ನಮಗೆ ಫೋನ್ ಮಾಡಿ. ನಮ್ಮ ಅನುಮತಿಗಾಗಿ ಕಾಯಬೇಡಿ, ಅದು ಈ ಪತ್ರದಲ್ಲೇ ಇದೆ. ಹಾಗೆಯೇ ಪೆಟ್ಟಿಗೆಯನ್ನು ದಯವಿಟ್ಟು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವಷ್ಟು ಹೊತ್ತಿನಲ್ಲಿ ಎದೆ ಪೂರ್ತಿ ಬಿಗಿದುಕೊಂಡಿರುತ್ತದೆ. ತರಗತಿಯಲ್ಲೇ, ನಿಮ್ಮ ಮೇಜಿನ ಮೇಲಿನ ಡ್ರಾಯರ್‌ನಲ್ಲಿ, ಬಿಸಿಲು ಬೀಳದ ಕಡೆ ಇರಲಿ. ನೀವು ರಜೆಯಲ್ಲಿದ್ದ ದಿನ ತರಗತಿಗೆ ಬರುವವರಿಗೂ ಆ ಜಾಗ ಗೊತ್ತಿರಬೇಕು.

ಪೆಟ್ಟಿಗೆಯಲ್ಲಿ ಇರುವುದು: ಇನ್ಹೇಲರ್, ಇನ್ಹೇಲರಿಗೆ ಸಿಕ್ಕಿಸುವ, ಬಾಯಿಗಿಡುವ ತುದಿಯಿರುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಅಂದರೆ ಸ್ಪೇಸರ್, ಒಂದು ಸಣ್ಣ ನೋಟ್‌ಬುಕ್, ಪೆನ್ನು. ನಮ್ಮಿಬ್ಬರ ಮತ್ತು ಅವನ ಅಜ್ಜನ ಫೋನ್ ನಂಬರ್ ಮುಚ್ಚಳದ ಒಳಗೆ ಅಂಟಿಸಿದ್ದೇವೆ.

ಇವನ ಲಕ್ಷಣಗಳನ್ನು ಗುರುತಿಸುವುದು ಸ್ವಲ್ಪ ಕಷ್ಟ. "ಮಿಸ್, ಉಸಿರಾಡೋಕೆ ಆಗ್ತಿಲ್ಲ" ಎಂದು ತಾನಾಗಿ ಹೇಳುವ ಹುಡುಗನಲ್ಲ. ಕೇಳಿದರೆ "ಏನಿಲ್ಲ" ಅನ್ನುತ್ತಾನೆ. ಮೊದಲು ಗಲ್ಲದ ಕೆಳಗೆ, ಕತ್ತಿನ ಮುಂಭಾಗದಲ್ಲಿ ತುರಿಸಿಕೊಳ್ಳಲು ಶುರು ಮಾಡುತ್ತಾನೆ. ಆಮೇಲೆ ಕಫವಿಲ್ಲದ ಒಣ ಕೆಮ್ಮು, ಒಂದರ ಹಿಂದೆ ಒಂದು. ಆಟ ಬಿಟ್ಟು ಮೂಲೆಯಲ್ಲಿ ಕೂರುತ್ತಾನೆ, ಭುಜ ಮೇಲಕ್ಕೆ ಎತ್ತಿಕೊಂಡಿರುತ್ತಾನೆ. ಸಿಳ್ಳೆಯಂಥ ಸದ್ದು ಎಲ್ಲ ಸಲವೂ ಕೇಳಿಸುವುದಿಲ್ಲ. ಸದ್ದು ಇಲ್ಲ ಅಂದಮಾತ್ರಕ್ಕೆ ಆರಾಮಾಗಿದ್ದಾನೆ ಎಂದುಕೊಳ್ಳಬೇಡಿ. ನಾಳ ತೀರಾ ಕಿರಿದಾಗಿ ಗಾಳಿಯೇ ಓಡಾಡದಿದ್ದಾಗ ಸದ್ದು ನಿಂತೇ ಹೋಗುತ್ತದೆ, ಅದು ಇನ್ನೂ ಅಪಾಯ. "ಏನಾಗ್ತಿದೆ?" ಎಂದು ಕೇಳುವ ಬದಲು ನಾಳೆಯ ಟೈಮ್‌ಟೇಬಲ್ ಹೇಳು ಅನ್ನಿ. ಒಂದೇ ಉಸಿರಿನಲ್ಲಿ ಒಂದು ವಾಕ್ಯ ಮುಗಿಸಲು ಆಗುತ್ತದೆಯೇ ಎನ್ನುವುದು ತಕ್ಷಣ ಗೊತ್ತಾಗುತ್ತದೆ.

ಇನ್ಹೇಲರ್ ಕೊಡುವ ರೀತಿ ಹೀಗೆ. ನೆಟ್ಟಗೆ ಕೂರಿಸಿ. ಮುಚ್ಚಳ ತೆಗೆದು ಒಳಗೆ ಏನೂ ಸಿಕ್ಕಿಕೊಂಡಿಲ್ಲ ಎಂದು ನೋಡಿ (ಚಾಕ್ ಚೂರು, ಪೇಪರ್ ಚೂರು ಸೇರಿಕೊಳ್ಳುವುದುಂಟು). ಐದಾರು ಸಲ ಚೆನ್ನಾಗಿ ಅಲುಗಾಡಿಸಿ. ಐದು ದಿನಕ್ಕಿಂತ ಹೆಚ್ಚು ಬಳಸದೆ ಇದ್ದಿದ್ದರೆ, ಉದಾಹರಣೆಗೆ ದಸರಾ ರಜೆ ಮುಗಿದ ಮೇಲೆ, ಮುಖದಿಂದ ದೂರ ಹಿಡಿದು ಎರಡು ಸಲ ಗಾಳಿಗೆ ಹೊಡೆದುಬಿಡಿ. ನಂತರ ಇನ್ಹೇಲರಿನ ಬಾಯನ್ನು ಸ್ಪೇಸರಿನ ಹಿಂಭಾಗದ ತೂತಿಗೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಸುಹಾಸ್ ಹಲ್ಲುಗಳ ನಡುವೆ ಇಟ್ಟುಕೊಂಡು ತುಟಿಯಿಂದ ಸುತ್ತಲೂ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಡಬ್ಬಿಯನ್ನು ಒಂದೇ ಒಂದು ಸಲ ಒತ್ತಿ. ಅವನು ಬಾಯಿಯಿಂದ ನಿಧಾನವಾಗಿ ಎಳೆದು ಬಿಡಲಿ, ನಾಲ್ಕು ಉಸಿರು, ಸ್ಪೇಸರನ್ನು ಬಾಯಿಂದ ತೆಗೆಯದೆ. ಉಸಿರು ಎಳೆದಾಗಲೆಲ್ಲ ಒಳಗಿನ ತೆಳುವಾದ ಕವಾಟ ಅಲುಗುವುದು ಹೊರಗಿನಿಂದಲೇ ಕಾಣುತ್ತದೆ, ಅದನ್ನೇ ನೋಡುತ್ತ ಎಣಿಸಿ. ಕವಾಟ ಅಲುಗದಿದ್ದರೆ ಮೂಗಿನಿಂದ ಉಸಿರಾಡುತ್ತಿದ್ದಾನೆ ಅಥವಾ ತುಟಿ ಸಂದಿನಿಂದ ಗಾಳಿ ಹೋಗುತ್ತಿದೆ ಎಂದರ್ಥ, ಆ ಪಫ್ ಲೆಕ್ಕಕ್ಕಿಲ್ಲ.

ಮುಂದಿನ ಪಫ್‌ಗೆ ಮತ್ತೆ ಅಲುಗಾಡಿಸಿ, ಮತ್ತೆ ಒಂದೇ ಸಲ ಒತ್ತಿ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ನಾಲ್ಕು ಪಫ್ ಒಟ್ಟಿಗೆ ಸ್ಪೇಸರಿಗೆ ತುಂಬಿ ಬಾಯಿಗೆ ಕೊಡುವುದು. ಹಾಗೆ ಮಾಡಿದರೆ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತವೆ, ಎದೆಗೆ ಹೋಗುವುದು ಕಡಿಮೆ. ಸ್ಪೇಸರ್ ಒಡೆದಿದ್ದರೆ ಅಥವಾ ಸಿಗದಿದ್ದರೆ ಅದಕ್ಕಾಗಿ ನಿಲ್ಲಬೇಡಿ. ಉಸಿರು ಪೂರ್ತಿ ಬಿಡಿಸಿ, ಇನ್ಹೇಲರನ್ನು ನೇರವಾಗಿ ಬಾಯಲ್ಲಿಡಿಸಿ, ಅವನು ನಿಧಾನವಾಗಿ ಎಳೆಯಲು ಶುರು ಮಾಡಿದ ಕ್ಷಣವೇ ಒತ್ತಿ, ಆಗುವಷ್ಟು ಹೊತ್ತು ಉಸಿರು ಹಿಡಿಸಿ. ಬಹುಪಾಲು ಔಷಧ ಗಂಟಲಿಗೇ ಬೀಳುತ್ತದೆ, ಆದರೂ ಏನೂ ಕೊಡದಿರುವುದಕ್ಕಿಂತ ಮೇಲು.

ಪಿಟಿ ಪೀರಿಯಡ್ ಇರುವ ಮಂಗಳವಾರ ಮತ್ತು ಶುಕ್ರವಾರ, ಹತ್ತು-ಹದಿನೈದು ನಿಮಿಷ ಮೊದಲು ಎರಡು ಪಫ್ ಕೊಡಬೇಕು. ಅದಾದ ಮೇಲೆ ಎಲ್ಲರ ಹಾಗೆ ಓಡಲಿ. ಆಟದಿಂದ ಹೊರಗೆ ಕೂರಿಸುವ ಅಗತ್ಯವಿಲ್ಲ, ವೈದ್ಯರೂ ಬೇಡ ಎಂದಿದ್ದಾರೆ. ಪಿಟಿ ಸರ್‌ಗೂ ಈ ಪತ್ರ ತೋರಿಸಿದರೆ ಒಳ್ಳೆಯದು. ಶೀತವಿದ್ದ ವಾರ, ಡಿಸೆಂಬರ್-ಜನವರಿಯ ಚಳಿ ಬೆಳಗಿನ ಪ್ರಾರ್ಥನೆ ಸಾಲಿನಲ್ಲಿ ಹೆಚ್ಚು ಗಮನ ಬೇಕು. ಬೋರ್ಡ್ ಒರೆಸುವ ಡಸ್ಟರ್ ಕೊಡವುವ ಕೆಲಸವನ್ನು ಅವನಿಗೆ ಹಚ್ಚಬೇಡಿ, ಬೋರ್ಡಿನ ಎದುರಿನ ಮೊದಲ ಬೆಂಚೂ ಬೇಡ. ಶಾರದಾ ಪೂಜೆಯ ದಿನ ಊದುಬತ್ತಿ, ಕರ್ಪೂರದ ಹೊಗೆಯಿಂದ ಸ್ವಲ್ಪ ದೂರ, ಕಿಟಕಿ ಪಕ್ಕ ಕೂರಲಿ. ಮೈದಾನದಂಚಿನ ಪಾರ್ಥೇನಿಯಂ ಕೀಳುವ ಶ್ರಮದಾನಕ್ಕಂತೂ ಕಳಿಸಲೇಬೇಡಿ.

ಔಷಧದ ಬಗ್ಗೆ ಎರಡು ಮಾತು. ಪಫ್ ಕೊಟ್ಟ ಮೇಲೆ ಕೈ ಸಣ್ಣಗೆ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಅಕ್ಷರ ಸೊಟ್ಟಗಾಗಬಹುದು. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಇನ್ಹೇಲರ್ ಚಟವಾಗುತ್ತದೆ, ಸಣ್ಣ ಮಕ್ಕಳಿಗೆ ಕೊಡಬಾರದು ಎಂದು ಯಾರಾದರೂ ಹೇಳಬಹುದು. ಚಟವಾಗುವುದಿಲ್ಲ. ಆಸ್ತಮಾವೋ ಅಲ್ಲವೋ ಎಂಬ ಅನುಮಾನವಿದ್ದಾಗಲೂ ಕೊಟ್ಟುಬಿಡಿ. ಬೇಡದೇ ಇದ್ದಾಗ ಕೊಟ್ಟ ನಾಲ್ಕು ಪಫ್‌ನಿಂದ ಆಗುವುದು ಆ ನಡುಕ ಅಷ್ಟೇ, ಬೇಕಾದಾಗ ಕೊಡದಿದ್ದರೆ ಜೀವಕ್ಕೇ ಅಪಾಯ. ಆದರೆ ಇದು ಸುಹಾಸನ ಹೆಸರಿಗೆ ಬರೆದ ಔಷಧ, ಕೆಮ್ಮುವ ಬೇರೆ ಮಕ್ಕಳಿಗೆ ಕೊಡಬೇಡಿ.

ಕೊಟ್ಟಾಗಲೆಲ್ಲ ನೋಟ್‌ಬುಕ್‌ನಲ್ಲಿ ದಿನಾಂಕ, ಸಮಯ, ಎಷ್ಟು ಪಫ್ ಎಂದು ಒಂದು ಸಾಲು ಬರೆಯಿರಿ. ಇದು ಬರೀ ಲೆಕ್ಕವಲ್ಲ. ಈ ಡಬ್ಬಿಯಲ್ಲಿ 200 ಪಫ್ ಇದೆ, ಎಣಿಕೆ ತೋರಿಸುವ ಕಿಂಡಿ ಇಲ್ಲ. ಔಷಧ ಖಾಲಿಯಾದ ಮೇಲೂ ಒತ್ತಿದರೆ ಬರೀ ಗಾಳಿ 'ಪುಸ್' ಎಂದು ಬರುತ್ತಲೇ ಇರುತ್ತದೆ, ಅಲುಗಾಡಿಸಿ ನೋಡಿದರೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಯ ಶನಿವಾರ ನಾವೇ ಬಂದು ಎಣಿಕೆ, ಎಕ್ಸ್‌ಪೈರಿ ನೋಡಿ, ಸ್ಪೇಸರ್ ಮನೆಗೆ ಒಯ್ದು ತೊಳೆದು ತರುತ್ತೇವೆ. ನೀವು ತೊಳೆಯಬೇಡಿ, ಬಟ್ಟೆಯಿಂದ ಒರೆಸಲೂಬೇಡಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಪ್ರವಾಸ, ಕ್ರೀಡಾಕೂಟ, ಬೇರೆ ಕಟ್ಟಡದಲ್ಲಿ ಪರೀಕ್ಷೆ, ಎಲ್ಲಿಗೇ ಹೋದರೂ ಪೆಟ್ಟಿಗೆ ಜೊತೆಗೆ ಹೋಗಬೇಕು. ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ, ಬಿಸಿಲಿಗೆ ಬಿಡಬಾರದು.

ಕೆಳಗಿನ ಭಾಗವನ್ನು ಕತ್ತರಿಸಿ ಡ್ರಾಯರ್ ಮೇಲೆ ಅಂಟಿಸಿದರೆ ಉಪಕಾರವಾಗುತ್ತದೆ.

---

ಸುಹಾಸ್ ಎಂ., 3ನೇ ಬಿ – ಉಸಿರಾಟದ ತೊಂದರೆಯಾದಾಗ

1. ಇದ್ದಲ್ಲೇ ನೆಟ್ಟಗೆ, ಬೇಕಿದ್ದರೆ ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿ. ಟೈ, ಬೆಲ್ಟ್ ಸಡಿಲಿಸಿ. ಮಲಗಿಸಬೇಡಿ. ಆಫೀಸಿಗೆ ನಡೆಸಿಕೊಂಡು ಹೋಗಬೇಡಿ, ಪೆಟ್ಟಿಗೆಯನ್ನು ಅವನಿದ್ದಲ್ಲಿಗೆ ತನ್ನಿ. ಒಬ್ಬನನ್ನೇ ಬಿಡಬೇಡಿ.

2. ನೀಲಿ ಇನ್ಹೇಲರ್, ಸ್ಪೇಸರ್ ಮೂಲಕ 4 ಪಫ್. ಒಂದೊಂದೇ ಪಫ್, ಪ್ರತಿ ಪಫ್‌ಗೆ 4 ಉಸಿರು. ಗಡಿಯಾರ ನೋಡಿಕೊಳ್ಳಿ.

3. 4 ನಿಮಿಷ ಕಾಯಿರಿ. ಸರಿಹೋಗದಿದ್ದರೆ ಇನ್ನೂ 4 ಪಫ್.

4. ಆಗಲೂ ಸರಿಹೋಗದಿದ್ದರೆ 108ಕ್ಕೆ ಕರೆ ಮಾಡಿ. "ಎಂಟು ವರ್ಷದ ಮಗು, ಆಸ್ತಮಾ, ಉಸಿರಾಡಲು ಆಗುತ್ತಿಲ್ಲ" ಎಂದು ಹೇಳಿ, ಶಾಲೆಯ ವಿಳಾಸ, ಹತ್ತಿರದ ಗುರುತು ತಿಳಿಸಿ. ಒಬ್ಬರು ಗೇಟಿನ ಬಳಿ ನಿಲ್ಲಲಿ. ಆಂಬುಲೆನ್ಸ್ ಬರುವವರೆಗೂ 4 ನಿಮಿಷಕ್ಕೊಮ್ಮೆ 4 ಪಫ್ ಕೊಡುತ್ತಲೇ ಇರಿ. ನಮಗೆ ಇನ್ನೊಬ್ಬರು ಫೋನ್ ಮಾಡಲಿ.

ಮೊದಲೇ, ಕಾಯದೆ 108ಕ್ಕೆ ಕರೆ ಮಾಡಬೇಕಾದದ್ದು: ಎರಡು ಮೂರು ಪದಕ್ಕಿಂತ ಹೆಚ್ಚು ಮಾತಾಡಲು ಆಗದಿದ್ದರೆ, ಉಸಿರು ಎಳೆದಾಗ ಪಕ್ಕೆಲುಬಿನ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಹೋಗುತ್ತಿದ್ದರೆ, ತುಟಿ, ಉಗುರು ನೀಲಿಯಾದರೆ, ಮಂಕಾಗಿ ತೂಕಡಿಸಿದರೆ, ಕುಸಿದುಬಿದ್ದರೆ. ಕರೆ ಮಾಡುತ್ತಲೇ ಪಫ್ ಶುರು ಮಾಡಿ.

ಬೇಡ: ನೀರು ಕುಡಿಸುವುದು, ವಿಕ್ಸ್ ಹಚ್ಚುವುದು, ಹಬೆ, ಕೆಮ್ಮಿನ ಸಿರಪ್, ಸುತ್ತ ಗುಂಪು ಕಟ್ಟುವುದು, ಸ್ಕೂಟರ್ ಮೇಲೆ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಡುವುದು.

---

ಆಂಬುಲೆನ್ಸ್ ತಡವಾಗುತ್ತದೆ ಎಂದು ತಿಳಿದರೆ ಶಾಲೆಯ ವಾಹನದಲ್ಲೋ ಆಟೋದಲ್ಲೋ ಹೋಗಬಹುದು. ಚಾಲಕರಲ್ಲದೆ ಒಬ್ಬ ದೊಡ್ಡವರು ಅವನ ಪಕ್ಕ ಕುಳಿತು ದಾರಿಯುದ್ದಕ್ಕೂ ಪಫ್ ಕೊಡುತ್ತಿರಬೇಕು. ಪೆಟ್ಟಿಗೆ, ನೋಟ್‌ಬುಕ್ ಜೊತೆಗಿರಲಿ, ಎಷ್ಟು ಪಫ್ ಆಗಿದೆ ಎನ್ನುವುದೇ ಆಸ್ಪತ್ರೆಯವರು ಕೇಳುವ ಮೊದಲ ಪ್ರಶ್ನೆ. ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಒಯ್ಯಿರಿ, ನಮ್ಮ ಒಪ್ಪಿಗೆ ಇದೆ.

ಮೊದಲ ನಾಲ್ಕು ಪಫ್‌ಗೇ ಸರಿಹೋದರೆ ಇಪ್ಪತ್ತು ನಿಮಿಷ ಕೂತಿರಲಿ, ಆಮೇಲೆ ತರಗತಿಗೆ ಮರಳಬಹುದು, ಆ ದಿನ ಓಡುವ ಆಟ ಬೇಡ. ನಮಗೆ ಅಂದೇ ತಿಳಿಸಿ. ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾದರೆ ಕೊಡಿ, ಕೊಟ್ಟು ಕೂಡಲೇ ಫೋನ್ ಮಾಡಿ. ನಾವು ಬಂದು ವೈದ್ಯರ ಬಳಿ ಕರೆದುಕೊಂಡು ಹೋಗುತ್ತೇವೆ, ವ್ಯಾನಿನಲ್ಲಿ ಮನೆಗೆ ಕಳಿಸಬೇಡಿ.

ಈ ಗುರುವಾರ ಮಧ್ಯಾಹ್ನ 3.45ಕ್ಕೆ ನಾವು ಶಾಲೆಗೆ ಬರುತ್ತೇವೆ. ನೀವು, ಪಿಟಿ ಸರ್ ಮತ್ತು ಆಯಾ ಹತ್ತು ನಿಮಿಷ ಸಿಕ್ಕರೆ ಖಾಲಿ ಇನ್ಹೇಲರ್ ಒಂದನ್ನು ತಂದು ಕೈಯಾರೆ ಒತ್ತಿ ನೋಡುವಂತೆ ತೋರಿಸುತ್ತೇವೆ. ಆ ದಿನ ಅನುಕೂಲವಿಲ್ಲದಿದ್ದರೆ ಡೈರಿಯಲ್ಲಿ ಬೇರೆ ದಿನ ಬರೆದು ಕಳಿಸಿ.

ಇಂತಿ ವಂದನೆಗಳೊಂದಿಗೆ,

ರೇಖಾ ಮತ್ತು ಮಂಜುನಾಥ್
(ಸುಹಾಸನ ತಾಯಿ, ತಂದೆ)

ಲಗತ್ತು: ವೈದ್ಯರು ಸಹಿ ಮಾಡಿದ ಆಸ್ತಮಾ ಕ್ರಮದ ಪ್ರತಿ, ಔಷಧ ಚೀಟಿಯ ಪ್ರತಿ
ಪ್ರತಿ: ಮುಖ್ಯೋಪಾಧ್ಯಾಯರಿಗೆ