ನೀನು ಕಳಿಸಿದ ಪುಟದ ಮೇಲಿನ ಇಟಾಲಿಯನ್ ಮಾತುಗಳು

ಮಾಳಮಡ್ಡಿ, ಧಾರವಾಡ
ಬುಧವಾರ ರಾತ್ರಿ

ಚಿ. ಪ್ರಸಾದನಿಗೆ ಮಾಮಾನ ಆಶೀರ್ವಾದಗಳು.

ನಿನ್ನ ಕೀಬೋರ್ಡಿಗೆಂದು ಇಟ್ಟುಕೊಂಡ ಪಾಶ್ಚಾತ್ಯ ಸ್ವರಲಿಪಿ ಪುಸ್ತಕದ ಒಂದು ಪುಟದ ಫೋಟೋವನ್ನು ಗದಗಿನಿಂದ ಮೊಬೈಲಿಗೆ ಕಳಿಸಿದ್ದೀಯಲ್ಲ, ನೋಡಿದೆ. ಪುಟಕ್ಕಿಂತ ನಿನ್ನ ಹೆಬ್ಬೆರಳೇ ಚೆನ್ನಾಗಿ ಬಂದಿದೆ. ಎಡಮೂಲೆಯ ಮೊದಲ ಪದದ ಅರ್ಧವನ್ನು ಅದು ನುಂಗಿದೆ, ಬಲಗಡೆ ಟ್ಯೂಬ್‌ಲೈಟಿನ ಹೊಳಪು ಬಿದ್ದಿದೆ. ಆದರೂ ಓದಲು ಬಂತು. ಫೋನಿನಲ್ಲಿ ಹೇಳಿದ್ದರೆ ಈ ಕಿವಿಯಿಂದ ಆ ಕಿವಿಗೆ ಹೋಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಓದು.

"ಸ್ವರಗಳೇನೋ ಬಂದವು, ಈ ಓರೆ ಅಕ್ಷರಗಳು ಏನು ಮಾಮಾ, ಇವನ್ನು ಬಿಟ್ಟು ನುಡಿಸಿದರೆ ನಡೆಯುವುದಿಲ್ಲವೇ?" ಎಂದು ಕೇಳಿದ್ದೀಯ. ನಡೆಯುವುದಿಲ್ಲ. ಹಾರ್ಮೋನಿಯಂ ಕಲಿಯುವಾಗ ನಿನ್ನ ಗುರುಗಳು ಎದುರಿಗೆ ಕೂತಿದ್ದರು. "ಓಡಬೇಡ", "ಇಲ್ಲಿ ಮೆತ್ತಗೆ", "ಆ ಸ್ವರದ ಮೇಲೆ ಸ್ವಲ್ಪ ನಿಲ್ಲು" ಎಂದು ಬಾಯಲ್ಲಿ ಹೇಳುತ್ತಿದ್ದರು, ಕೇಳದಿದ್ದರೆ ತೊಡೆಯ ಮೇಲೆ ತಾಳ ತಟ್ಟಿ ತೋರಿಸುತ್ತಿದ್ದರು. ಈ ಪುಟ ಬರೆದವನು ನಿನ್ನ ಎದುರು ಕೂರುವಂತಿಲ್ಲ. ಆದ್ದರಿಂದ ಅದೇ ಮಾತುಗಳನ್ನು ಸ್ವರಗಳ ಮೇಲೂ ಕೆಳಗೂ ಬರೆದಿಟ್ಟು ಹೋಗಿದ್ದಾನೆ.

ಅವು ಇಟಾಲಿಯನ್ ಭಾಷೆಯಲ್ಲಿರುವುದಕ್ಕೆ ಕಾರಣ ಚರಿತ್ರೆ. ಹಲವು ಸ್ವರಸಾಲುಗಳ ಸಂಗೀತವನ್ನು ಅಚ್ಚಿನಲ್ಲಿ ಮುದ್ರಿಸಿ ಮಾರುವ ಕೆಲಸ 1501ರಲ್ಲಿ ವೆನಿಸ್‌ನಲ್ಲಿ ಶುರುವಾಯಿತು. ಮುಂದಿನ ಎರಡು ಶತಮಾನ ಯುರೋಪಿನ ಆಸ್ಥಾನಗಳಿಗೆಲ್ಲ ಇಟಲಿಯ ಗಾಯಕರು, ವಾದಕರು, ಆಪೆರಾಗಳು ಹೋದವು. ಮಾತೂ ಅವರ ಜೊತೆಗೇ ಹೋಯಿತು. ನಮ್ಮ ಕಡೆಯ ಗವಾಯಿಗಳು ಕನ್ನಡದಲ್ಲೇ ಪಾಠ ಹೇಳಿದರೂ ಖಯಾಲ್, ಬಂದಿಶ್, ಮೀಂಡ್ ಎನ್ನುವ ಹಾಗೆ.

ಉಚ್ಚಾರಕ್ಕೆ ಹೆದರಬೇಡ. ಇಂಗ್ಲಿಷ್ ಬಲ್ಲವರಿಗಿಂತ ಕನ್ನಡಿಗರಿಗೇ ಈ ಭಾಷೆ ಸುಲಭ. ಇಟಲಿಯವರ ತಕಾರ ದಕಾರಗಳು ನಮ್ಮ ತ, ದಗಳೇ. ಟ, ಡ ಅಲ್ಲ. ಒತ್ತಕ್ಷರವಿದ್ದಲ್ಲಿ ಒತ್ತಿಯೇ ಹೇಳುತ್ತಾರೆ, ಪದಗಳು ಹೆಚ್ಚಾಗಿ ನಮ್ಮಂತೆ ಸ್ವರದಲ್ಲೇ ಮುಗಿಯುತ್ತವೆ. ಹಾಗಾಗಿ ಸ್ಟಕಾಟೋ ಅನ್ನಬೇಡ, ಸ್ತಕ್ಕಾತೊ ಅನ್ನು.

ಈಗ ಮೇಲಿನ ಎಡಮೂಲೆ. ನಿನ್ನ ಹೆಬ್ಬೆರಳಿನಾಚೆ ಕಾಣುವುದು "…ದಾಂತೆ ಕೊನ್ ಮೋತೊ" ಎಂಬಷ್ಟೇ. ಹಾಗೆ ಮುಗಿಯುವ ಗತಿಪದ ಒಂದೇ: ಅಂದಾಂತೆ. ಪಕ್ಕದಲ್ಲಿ ♩ = 80 ಎಂದೂ ಇದೆ, ಸಂಶಯವೇ ಇಲ್ಲ. ಅಂದಾಂತೆ ಎಂದರೆ ನಿಧಾನ ಎಂದು ಅನೇಕರು ಉರು ಹೊಡೆದಿರುತ್ತಾರೆ, ಅದು ತಪ್ಪು. "ಹೋಗು" ಎಂಬ ಕ್ರಿಯಾಪದದಿಂದ ಬಂದ ಮಾತು ಅದು; ನಡೆಯುತ್ತಿರುವ, ಸಾಗುತ್ತಿರುವ ಎಂದು ಅರ್ಥ. ಕೊನ್ ಮೋತೊ ಎಂದರೆ ಚಲನೆಯೊಂದಿಗೆ. ಊಟವಾದ ಮೇಲೆ ಅಂಗಳದಲ್ಲಿ ಹಾಕುವ ಶತಪಥವಲ್ಲ, ಬೆಳಗ್ಗೆ ಸಾಧನಕೇರಿಯ ದಂಡೆಯ ಮೇಲೆ ಗೆಳೆಯನ ಜೊತೆ ಮಾತಾಡುತ್ತ ಹಾಕುವ ಹೆಜ್ಜೆ. ನೀನು ಕಳಿಸಿದ ಧ್ವನಿಮುದ್ರಿಕೆಯಲ್ಲಿ ಕಾಲಿಗೆ ಮುಳ್ಳು ಚುಚ್ಚಿದವನಂತೆ ನಡೆದಿದ್ದೀಯ.

80 ಎಂದರೆ ನಿಮಿಷಕ್ಕೆ ಎಂಬತ್ತು ಮಾತ್ರೆ, ಅಂದರೆ ಒಂದು ಮಾತ್ರೆಗೆ ಮುಕ್ಕಾಲು ಸೆಕೆಂಡು. ಈ ಲೆಕ್ಕ ಬಂದದ್ದು ಮೆಟ್ರೊನೋಮ್ ಎಂಬ ಟಕಟಕ ಯಂತ್ರದಿಂದ. ಮೆಲ್ಟ್ಸೆಲ್ ಎಂಬಾತ 1815ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ, ಆದರೆ ಮೂಲ ಯುಕ್ತಿ ಆಮ್‌ಸ್ಟರ್‌ಡಾಮ್‌ನ ವಿಂಕೆಲ್ ಎಂಬುವನದು. ಅದಕ್ಕಿಂತ ಮೊದಲು ಪದಗಳಷ್ಟೇ ಇದ್ದವು, ಪದಗಳು ಹೇಳುತ್ತಿದ್ದುದು ವೇಗಕ್ಕಿಂತ ಹೆಚ್ಚಾಗಿ ಸ್ವಭಾವವನ್ನು. ಅಲ್ಲೆಗ್ರೊ ಎಂದರೆ ಉಲ್ಲಾಸ, ಅದಾಜೊ ಎಂದರೆ ಆರಾಮವಾಗಿ, ಲಾರ್ಗೊ ಎಂದರೆ ವಿಶಾಲವಾಗಿ, ವಿವಾಚೆ ಎಂದರೆ ಜೀವಕಳೆಯಿಂದ. ಪ್ರೆಸ್ತೊ ಒಂದು ಮಾತ್ರ ನೇರವಾಗಿ "ಬೇಗ". ವಿಲಂಬಿತ, ಮಧ್ಯ, ದ್ರುತಗಳ ಜೊತೆ ಇವನ್ನು ಒಂದಕ್ಕೊಂದು ಕಟ್ಟಲು ಹೋಗಬೇಡ. ವಿಲಂಬಿತ ಖಯಾಲದಲ್ಲಿ ಒಂದೊಂದು ಮಾತ್ರೆ ಮೂರು ನಾಲ್ಕು ಸೆಕೆಂಡಿನವರೆಗೂ ಎಳೆಯುವುದುಂಟು, ಆ ಅಳತೆಗೆ ಇವರ ನಿಧಾನವೆಲ್ಲ ನಮ್ಮ ಅವಸರವೇ.

ಮೊದಲ ಸಾಲಿನ ಕೆಳಗೆ ವಾಲಿಕೊಂಡ "ಪಿ" ಅಕ್ಷರವಿದೆ. ಅದು ಪಿಯಾನೊ: ಮೆತ್ತಗೆ. ಮುಂದೆ ಬರುವ "ಎಫ್" ಫೋರ್ತೆ: ಗಟ್ಟಿಯಾಗಿ. ನಡುವಿನ "ಎಂ" ಮೆದ್ಜೊ, ಅರ್ಧ. ಎರಡು "ಪಿ" ಇದ್ದರೆ ಇನ್ನೂ ಮೆತ್ತಗೆ. ನೀನು ಕೊಂಡ ವಾದ್ಯದ ಕುಲಮೂಲವೂ ಇದೇ. 1700ರ ಸುಮಾರಿಗೆ ಫ್ಲಾರೆನ್ಸ್‌ನ ಕ್ರಿಸ್ತೊಫೊರಿ ಕಟ್ಟಿದ ವಾದ್ಯವನ್ನು "ಮೆತ್ತಗೂ ಗಟ್ಟಿಯಾಗಿಯೂ ನುಡಿಯುವ" ಹಾರ್ಪ್ಸಿಕಾರ್ಡ್ ಎಂದು ವರ್ಣಿಸಿದರು. ಹೆಸರು ಸವೆದು ಸವೆದು ಗಟ್ಟಿ ಉದುರಿಹೋಗಿ ಮೆತ್ತಗೆ ಒಂದೇ ಉಳಿಯಿತು. ನಿನಗೆ ಇಲ್ಲೊಂದು ಅಡಚಣೆ ಇದೆ. ಹಾರ್ಮೋನಿಯಂನಲ್ಲಿ ದನಿಯ ಏರಿಳಿತ ತಿದಿ ಒತ್ತುವ ಎಡಗೈಯಲ್ಲಿತ್ತು. ಇಲ್ಲಿ ಅದು ಪ್ರತಿ ಬೆರಳಿನ ತುದಿಗೆ ಬಂದಿದೆ. ಬೆರಳು ಬೀಳುವ ರಭಸದಿಂದ ದನಿ ಹುಟ್ಟಬೇಕು. ಕೀಬೋರ್ಡಿನಲ್ಲಿ ಟಚ್ ಎಂಬ ಆಯ್ಕೆ ಬಂದ್ ಆಗಿದ್ದರೆ ನೀನು ಗುದ್ದಿದರೂ ಸವರಿದರೂ ಒಂದೇ ದನಿ. ಮೊದಲು ಅದನ್ನು ನೋಡು.

"ಪಿ" ಪಕ್ಕದ ದೋಲ್ಚೆ ಎಂದರೆ ಸಿಹಿಯಾಗಿ. ಇಟಲಿಯಲ್ಲಿ ಊಟದ ಕೊನೆಯ ಸಿಹಿಗೂ ಇದೇ ಹೆಸರು. ಧಾರವಾಡ ಪೇಢೆಯ ಅಂಗಡಿಗೂ ಈ ಹಲಗೆ ಒಪ್ಪುತ್ತಿತ್ತು. ಮೆತ್ತಗೆ ಎಂದರೆ ಹೆದರಿದ ದನಿ ಎಂದುಕೊಳ್ಳುವವರಿಗಾಗಿಯೇ ಇದನ್ನು ಸೇರಿಸಿದ್ದಾನೆ: ದನಿ ಸಣ್ಣದಿರಲಿ, ಸೊರಗಬಾರದು. ಲೆಗಾತೊ ಎಂದರೆ ಕಟ್ಟಿದ, ಬಿಡಿಯಾಗದ. ಸ್ವರಗಳ ಮೇಲೆ ಹರಡಿದ ಉದ್ದನೆಯ ಕಮಾನೂ ಅದನ್ನೇ ಹೇಳುತ್ತದೆ. ಮುಂದಿನ ಬೆರಳು ಒತ್ತಿದ ಮೇಲೆಯೇ ಹಿಂದಿನದನ್ನು ಎತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲಿ ಬರುವುದಿಲ್ಲ, ಅದರ ನೆನಪು ಬೆರಳಿನಲ್ಲಿದ್ದರೆ ಸಾಕು.

ಸಾಲಿನ ಕೊನೆಯಲ್ಲಿ "ಪೋಕೊ ರಿತ್." ಇದೆ. ಈ ರಿತ್. ಎರಡು ಮಾತುಗಳಿಗೆ ಮೊಟಕು ರೂಪ: ಕ್ರಮೇಣ ನಿಧಾನಿಸುವ ರಿತಾರ್ದಾಂದೊ, ಗತಿಯನ್ನು ಒಮ್ಮೆಲೇ ಹಿಡಿದು ತಗ್ಗಿಸುವ ರಿತೆನೂತೊ. ನಿನ್ನ ಪುಟದಲ್ಲಿ ಪದದ ಮುಂದೆ ಚುಕ್ಕಿಗೆರೆ ಎಳೆದಿದ್ದಾರೆ, ಆದ್ದರಿಂದ ಮೊದಲನೆಯದು. ಪೋಕೊ ಎಂದರೆ ಸ್ವಲ್ಪ. ಎರಡನೆಯ ಸಾಲಿನ ಮೊದಲ ಸ್ವರದ ಮೇಲೆ ಆ ತೆಂಪೊ ಬಂತು: ಮರಳಿ ಮೊದಲಿನ ಗತಿಗೆ. ನಿಧಾನಿಸುವುದು ಕ್ರಮೇಣ, ಮರಳುವುದು ತಕ್ಷಣ. ನೀನು ಎರಡನ್ನೂ ಕ್ರಮೇಣ ಮಾಡುತ್ತಿರುವುದರಿಂದ ಎರಡನೆಯ ಸಾಲು ಅರ್ಧ ಮುಗಿಯುವವರೆಗೂ ಕುಂಟುತ್ತದೆ.

ಇನ್ನು ಕ್ರೆಶೆಂದೊ. ಪುಟದಲ್ಲಿ ನೀನು ಹೆಚ್ಚು ಎಡವಿದ್ದು ಇಲ್ಲಿಯೇ. ಪದ ಕಂಡ ಕೂಡಲೇ ಗಟ್ಟಿಯಾಗಿ ಬಾರಿಸಿದ್ದೀಯ. ಅದರ ಅರ್ಥ "ಬೆಳೆಯುತ್ತ", "ಬೆಳೆದು" ಅಲ್ಲ. ಬೆಳೆಯಬೇಕಾದದ್ದು ಸಣ್ಣದರಿಂದಲೇ ಹೊರಡಬೇಕು. ಹಾಗಾಗಿ ಆ ಪದ ಬಂದಲ್ಲಿ ನೀನು ಇನ್ನೂ "ಪಿ"ಯಲ್ಲೇ ಇರಬೇಕು. ಜೊತೆಗೆ ಪೋಕೊ ಆ ಪೋಕೊ, ಸ್ವಲ್ಪ ಸ್ವಲ್ಪವಾಗಿ ಎಂದು ಎಚ್ಚರಿಸಿದ್ದಾನೆ. ನಿಂತ ಗೆರೆಗಳ ನಡುವಿನ ನಾಲ್ಕು ಪಟ್ಟಿಗಳ ದಾರಿ ಸಾಗಿ ತಲುಪುವುದು ಎಲ್ಲಿಗೆ? ಮೆದ್ಜೊ ಫೋರ್ತೆಗೆ, ಅರೆಗಟ್ಟಿಗೆ ಅಷ್ಟೇ. ಪೂರಾ ಗಟ್ಟಿಯನ್ನು ಮೂರನೆಯ ಸಾಲಿಗೆ ಕಾಯ್ದಿರಿಸಿದ್ದಾನೆ. ಇಲ್ಲೇ ಖರ್ಚು ಮಾಡಿದರೆ ಅಲ್ಲಿ ಜೇಬು ಖಾಲಿ. ಅಭ್ಯಾಸಕ್ಕೊಂದು ಉಪಾಯ: ಆ ನಾಲ್ಕು ಪಟ್ಟಿಗಳನ್ನು ಒಂದೇ ಸ್ವರದ ಮೇಲೆ ಹನ್ನೆರಡು ಸಲ ತಟ್ಟು, ಹನ್ನೆರಡನೆಯದು ಮಾತ್ರ ಮೆದ್ಜೊ ಫೋರ್ತೆ. ಏಳನೆಯದಕ್ಕೇ ಮೇಲೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಬಾಯಿ ತೆರೆದ ಕತ್ತರಿಯಂಥ ಗೆರೆಯೂ ಇದನ್ನೇ ಹೇಳುತ್ತದೆ, ಮುಚ್ಚುತ್ತ ಹೋಗುವ ಕತ್ತರಿ ಇಳಿಸು ಎನ್ನುತ್ತದೆ.

ಎರಡನೆಯ ಸಾಲಿನ ಕೊನೆಯಲ್ಲಿ ನೀನು "ಫೈನ್" ಎಂದು ಓದಿ, "ದಂಡ ಕಟ್ಟಬೇಕೇ?" ಎಂದು ತಮಾಷೆ ಮಾಡಿದ್ದೀಯ. ಅದು ಫೀನೆ, ಮುಗಿಯಿತು ಎಂದು. ಅದರ ಪಕ್ಕದ ಸ್ವರದ ಮೇಲಿರುವ ಚುಕ್ಕಿಯ ಮೇಲಿನ ಅರ್ಧಚಂದ್ರ ಫೆರ್ಮಾತಾ: ಇಲ್ಲಿ ತಾಳ ಬಿಟ್ಟು ನಿಲ್ಲು. ಇಟಲಿಯಲ್ಲಿ ಬಸ್ ನಿಲ್ದಾಣಕ್ಕೂ ಫೆರ್ಮಾತಾ ಎಂದೇ ಹೆಸರು. ಸಂಗೀತದ ಗುರುತನ್ನು ಅವರು ಕೊರೋನಾ, ಅಂದರೆ ಕಿರೀಟ ಎನ್ನುವುದೇ ಹೆಚ್ಚು. ನಮ್ಮ ಚಿಗರಿ ಬಸ್ಸು ನಿಲ್ದಾಣದಲ್ಲಿ ಬಾಗಿಲು ತೆರೆದು ನಿಂತಷ್ಟು ಹೊತ್ತು ಬೇಡ. ಸ್ವರದ ಅಳತೆಯ ಎರಡರಷ್ಟು ಸಾಕು. ಇನ್ನೊಂದು ಮಾತು: ಮೊದಲ ಸಲ ಇಲ್ಲಿಗೆ ಬಂದಾಗ ನಿಲ್ಲಬೇಡ. ಯಾಕೆಂದು ಕೆಳಗೆ ಹೇಳುತ್ತೇನೆ.

ಮೂರನೆಯ ಸಾಲು: ಪ್ಯೂ ಮೊಸ್ಸೊ, ಮಾ ನೊನ್ ತ್ರೊಪ್ಪೊ. ಇನ್ನಷ್ಟು ಚುರುಕು, ಆದರೆ ಅತಿ ಬೇಡ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಅವರು ಇಷ್ಟರಲ್ಲೇ ಹೇಳಿಬಿಡುತ್ತಾರೆ. ಪುಟದಲ್ಲಿ ಅಂಕಿ ಕೊಟ್ಟಿಲ್ಲ. ನಾನಾದರೆ 92ಕ್ಕೆ ಇಡುತ್ತೇನೆ. ಸ್ವರದ ತಲೆಯ ಮೇಲೋ ಕೆಳಗೋ ಇರುವ ಚುಕ್ಕಿ ಸ್ತಕ್ಕಾತೊ, ಬಿಡಿ ಬಿಡಿಯಾಗಿ ನುಡಿಸು. ಸ್ವರದ ಬಲಮಗ್ಗುಲಲ್ಲಿರುವ ಚುಕ್ಕಿ ಬೇರೆಯದೇ: ಅದು ಸ್ವರವನ್ನು ಅರ್ಧದಷ್ಟು ಉದ್ದ ಮಾಡುತ್ತದೆ. ಮೇಲಿದ್ದರೆ ಕತ್ತರಿಸುತ್ತದೆ, ಪಕ್ಕದಲ್ಲಿದ್ದರೆ ಹಿಗ್ಗಿಸುತ್ತದೆ. ನಾಲ್ಕನೆಯ ಪಟ್ಟಿಯಲ್ಲಿ ಎರಡು ಸ್ವರಗಳ ನಡುವೆ ತೇಲುತ್ತಿರುವ ಕಂದು ಚುಕ್ಕಿ ಇವೆರಡೂ ಅಲ್ಲ, ಕಾಗದಕ್ಕೆ ಹಿಡಿದ ತೇವದ ಕಲೆ. ಅಚ್ಚಿನ ಮಸಿ ಕಪ್ಪು. ಹಿಗ್ಗಿಸಿ ನೋಡಿದರೆ ಗೊತ್ತಾಗುತ್ತದೆ. "ಎಸ್‌ಎಫ್" ಎಂದಿರುವುದು ಸ್ಫೊರ್ತ್ಸಾಂದೊ, ಒತ್ತಿ ಹೇಳು. ಅದು ಆ ಒಂದು ಸ್ವರಕ್ಕೆ ಮಾತ್ರ, ಮರುಸ್ವರಕ್ಕೆ ಸಾಗಿಸಬೇಡ.

ನಾಲ್ಕನೆಯ ಸಾಲಿನಲ್ಲಿ "ದಿಮ್. ಎ ರಾಲ್." ದನಿಯನ್ನೂ ಗತಿಯನ್ನೂ ಒಟ್ಟಿಗೆ ಇಳಿಸುತ್ತ ಎರಡು "ಪಿ"ಗೆ ತಲುಪು. ನಡುವಿನ "ಎ" ಎಂದರೆ "ಮತ್ತು", ಅಷ್ಟೇ. ಆಮೇಲೆ "ಡಿ. ಸಿ. ಆಲ್ ಫೀನೆ". ದಾ ಕಾಪೊ, ತಲೆಯಿಂದ, ಫೀನೆಯವರೆಗೆ. ಅಂದರೆ ನಾಲ್ಕು ಸಾಲು ನುಡಿಸಿ, ಮತ್ತೆ ಮೇಲಿನಿಂದ ಎರಡು ಸಾಲು ನುಡಿಸಿ, ಈ ಸಲ ಫೆರ್ಮಾತಾದ ಮೇಲೆ ನಿಂತು ಮುಗಿಸು. ಸ್ಥಾಯಿ ಹಾಡಿ, ಅಂತರಾ ಹಾಡಿ, ಸ್ಥಾಯಿಗೆ ಮರಳಿ ಮುಗಿಸುತ್ತೀಯಲ್ಲ, ಅದೇ ಕಟ್ಟು. ಮರಳುವಾಗ ಗತಿ ಮತ್ತೆ 80, ದನಿ ಮತ್ತೆ ಒಂದೇ "ಪಿ". ರಾಲ್ಲೆಂತಾಂದೊದ ನಿದ್ದೆಯನ್ನು ಅಲ್ಲಿಗೂ ಒಯ್ಯಬೇಡ.

"ಪೋಕೊ ರಿತ್." ಸುತ್ತ ಯಾರೋ ಪೆನ್ಸಿಲಿನಿಂದ ಎರಡು ಸುತ್ತು ಗೆರೆ ಹಾಕಿದ್ದಾರೆ, ನೋಡಿದೆಯಾ? ಪುಸ್ತಕದ ಹಿಂದಿನ ಒಡೆಯರು ನಿನ್ನ ಹಾಗೆಯೇ ಅಲ್ಲಿ ತಪ್ಪುತ್ತಿದ್ದಿರಬೇಕು. ಅಳಿಸಬೇಡ. ಭಾನುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ, ಮೊದಲೆರಡು ಸಾಲು ತಯಾರಿರಲಿ. ಮುಂದಿನ ಪುಟದ ಫೋಟೋ ತೆಗೆಯುವಾಗ ಕಿಟಕಿಯ ಬೆಳಕಿನಲ್ಲಿ ತೆಗೆ, ಪುಟದ ಮೂಲೆಯನ್ನು ಅವ್ವನಿಗೆ ಹಿಡಿದುಕೊಳ್ಳಲು ಹೇಳು.

ನಿನ್ನ
ಮಾಮಾ