ಗಾಂಧಿ ಬಜಾರಿನ ಒಂದು ಚಿತ್ರ

ಶಿವಮೊಗ್ಗ,
ವಿಜಯದಶಮಿಯ ಮರುದಿನ

ಆತ್ಮೀಯ ಆನಾ ಅವರಿಗೆ ಸಪ್ರೇಮ ವಂದನೆಗಳು.

ಜರ್ಮನಿಯ ನಿಮ್ಮ ಊರಿನ ಸುಗ್ಗಿ ಹಬ್ಬವನ್ನು ನೀವು ಕನ್ನಡದಲ್ಲಿಯೇ ಬಣ್ಣಿಸಿದ್ದಿರಿ; ಅದಕ್ಕೆ ಉತ್ತರವಾಗಿ, ನಿನ್ನೆ ಗಾಂಧಿ ಬಜಾರಿನಲ್ಲಿ ನಾನು ತೆಗೆದ ದಸರಾ ಮೆರವಣಿಗೆಯ ಫೋಟೋ ಒಂದನ್ನು ಇದರೊಡನೆ ಕಳುಹಿಸುತ್ತಿದ್ದೇನೆ.

ಚಿತ್ರದ ಎಡಗಡೆ ಅರ್ಧ ಮಾತ್ರ ಕಾಣುತ್ತಿರುವುದು ಸಕ್ರೆಬೈಲಿನ ಆನೆ. ತುಂಗಾ ನದಿಯ ಹಿನ್ನೀರಿನ ದಡದ ಆ ಬಿಡಾರದಿಂದ ಬಂದ ಆನೆಯೇ ಇಲ್ಲಿ ದೇವಿಯ ಬೆಳ್ಳಿ ಅಂಬಾರಿಯನ್ನು ಹೊರುತ್ತದೆ. ಜನ ನೂಕಿದ್ದರಿಂದ ಅಂಬಾರಿ ಚೌಕಟ್ಟಿನಿಂದಲೇ ಜಾರಿಹೋಯಿತು, ಕ್ಷಮಿಸಿ. ಆದರೆ ನನಗೆ ಇಷ್ಟವಾದದ್ದು ನಡುವಿನ ಡೊಳ್ಳಿನವರು: ಸೊಂಟಕ್ಕೆ ಕಟ್ಟಿದ ಅಷ್ಟು ದೊಡ್ಡ ಡೊಳ್ಳಿನೊಡನೆ ನೆಲ ಬಿಟ್ಟು ನೆಗೆದಿರುವ ಆ ಯುವಕನ ಕಾಲ ಕೆಳಗೆ, ಈಗಷ್ಟೇ ನಿಂತ ಮಳೆಯ ನೀರಿನಲ್ಲಿ, ಅವನ ನೆರಳೂ ನೆಗೆದಿದೆ. ಹಿಂದೆ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ನಗುತ್ತಿರುವವಳು ನನ್ನ ತಂಗಿಯ ಮಗಳು.

ಲಕೋಟೆಯೊಳಗಿನ ಎಲೆಗಳು ಬನ್ನಿಯವು. ಮೆರವಣಿಗೆ ಮುಗಿದು ಬನ್ನಿ ಕಡಿದ ಮೇಲೆ ಇವನ್ನು ಬಂಗಾರವೆಂದು ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತೇವೆ. ನಿಮ್ಮ ತಾಯಿಯವರಿಗೂ ಎರಡನ್ನು ಕೊಡಿ.

ಇಂತು ನಿಮ್ಮ,
ಸುಮಾ